ಗೋಷ್ಠಿಯ ನಾಯಕನ ಪ್ರಶ್ನೆ

ನಮ್ಮ ವಾಚನಗೋಷ್ಠಿಗಳನ್ನು ನಡೆಸುವ ತರುಣರಿಗೆ ನಾನು ಮೊದಲು ಕಲಿಸುವುದು ಪ್ರಶ್ನಿಸುವ ಬಗೆಯನ್ನು. “ಕರ್ಣನು ದಾನಿಯಲ್ಲವೇ?” ಎಂದರೆ “ಹೌದು” ಎಂಬಲ್ಲಿಗೆ ಮಾತು ಮುಗಿಯಿತು. “ಕವಚವನ್ನು ಕೊಡುವಾಗ ಕರ್ಣನ ಮನಸ್ಸಿನಲ್ಲಿ ಏನಿದ್ದೀತು?” ಎಂದರೆ ಎಂಟು ಮಂದಿಗೆ ಎಂಟು ಉತ್ತರಗಳು ಹೊಳೆಯುತ್ತವೆ. ಕೇಳಿದ ಮೇಲೆ ಹತ್ತರವರೆಗೆ ಮನಸ್ಸಿನಲ್ಲಿಯೇ ಎಣಿಸಬೇಕು. ಮೌನಕ್ಕಂಜಿ ತಾನೇ ಉತ್ತರಿಸಬಾರದು.

ಆ ಮೌನವನ್ನು ಒಬ್ಬರೇ ತುಂಬಿಬಿಡುವುದುಂಟು. ಒಂದು ಗೋಷ್ಠಿಯಲ್ಲಿ ಹಿರಿಯ ವಕೀಲರೊಬ್ಬರು ಹಾಗೆ ಮಾಡುತ್ತಿದ್ದರು. ನಾಯಕನು ಅವರನ್ನು ತನ್ನ ಪಕ್ಕದಲ್ಲಿ ಕುಳ್ಳಿರಿಸಿದನು; ಎದುರುನೋಟ ತಪ್ಪಿದರೆ ಮಾತಿನ ಹುರುಪು ತಗ್ಗುತ್ತದೆ. ಅವರು ಉಸಿರೆಳೆದಾಗ, “ಕೀರ್ತಿಯಾಸೆಯೆಂದು ರಾಯರ ಮತ. ಉಳಿದವರಿಗೆ ಹೇಗೆ ತೋರುತ್ತದೆ?” ಎಂದನು. ತಮ್ಮ ಮಾತಿನ ಸಾರವನ್ನೇ ಕೇಳಿದ ವಕೀಲರಿಗೆ ಅವಮಾನವೆನಿಸಲಿಲ್ಲ. ಮೂಲೆಯಲ್ಲಿದ್ದ ತಾಯಿಯೊಬ್ಬರು, “ಬದುಕಿನ ಬೇಸರವೂ ಇದ್ದೀತು” ಎಂದರು. ಬಳಿಕ ಸದಸ್ಯರು ನಾಯಕನ ಮುಖವನ್ನು ಬಿಟ್ಟು ಪರಸ್ಪರ ನೋಡಿ ಮಾತನಾಡತೊಡಗಿದರು. ಪ್ರಶ್ನೆಯು ಫಲಿಸಿತೆಂಬುದಕ್ಕೆ ಗುರುತು ಅದೇ.