ಇಪ್ಪತ್ತೆರಡು ಸಹಿಗಳ ಕಾರ್ಡು

ಬೀಳ್ಕೊಡುಗೆ ಕಾರ್ಡು ಕೈಯಿಂದ ಕೈಗೆ ಹೋಗುವಾಗ ಪ್ರತಿಯೊಬ್ಬರೂ ಮೇಲಿನ ಸಾಲು ಓದಿಯೇ ಬರೆಯುತ್ತಾರೆ. ಅಲ್ಲಿ ‘ಆಲ್ ದಿ ಬೆಸ್ಟ್’ ಇದ್ದರೆ ಕೆಳಗೂ ಅದೇ. ಪುಣೆಯ ನಮ್ಮ ಆಫೀಸಿನಲ್ಲಿ ಅಕೌಂಟ್ಸಿನ ಹಿರಿಯರೊಬ್ಬರು ನಿವೃತ್ತರಾದಾಗ 22 ಜನರಿಂದ ಬರೆಸುವ ಕೆಲಸ ನನಗೆ ಬಂತು. ಕಾರ್ಡಿಗೂ ಮೊದಲು ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟೆ: ‘ಅವರು ನಿಮಗಾಗಿ ಮಾಡಿದ ಒಂದು ಕೆಲಸ ಬರೆಯಿರಿ. ಗುಣ ಬೇಡ.’

ಗುಣ ಕೇಳಿದರೆ ಎಲ್ಲರಿಗೂ ಅವರು ‘ಒಳ್ಳೆಯವರು’. ಕೆಲಸ ಕೇಳಿದರೆ ನೆನಪು ಬೇರೆ ಬೇರೆ. ಆದರೂ ಮೂರು ಚೀಟಿಗಳಲ್ಲಿ ಅವರ ಡಬ್ಬಿಯ ಚಟ್ನಿಪುಡಿಯೇ ಬಂತು. ನಾನು ತಿದ್ದಲಿಲ್ಲ, ‘ಯಾವತ್ತು ತಿಂದಿರಿ?’ ಎಂದು ಕೇಳಿದೆ. ಒಬ್ಬಳಿಗೆ ಅದು ಕೆಲಸಕ್ಕೆ ಸೇರಿದ ದಿನ. ಒಬ್ಬನಿಗೆ ಲೆಕ್ಕ ಕೂಡದ ಮಾರ್ಚ್ 31ರ ರಾತ್ರಿ. ಇನ್ನೊಬ್ಬನಿಗೆ ಅವರೊಡನೆ ಜಗಳವಾದ ಮರುದಿನ. ಪುಡಿ ಒಂದೇ, ಸಾಲು ಮೂರು.

ಸಾಹೇಬರಿಗೆ ಕಾರ್ಡು ಕೊಟ್ಟದ್ದು ಕೊನೆಗೆ. ಅವರು ಮೊದಲು ಬರೆದರೆ ಮಿಕ್ಕವರೆಲ್ಲ ಅವರ ಧಾಟಿಯನ್ನೇ ಹಿಡಿಯುತ್ತಾರೆ. ಮರಾಠಿಯವರು ಮರಾಠಿಯಲ್ಲೇ ಬರೆದರು. ವಾಚ್‌ಮನ್ ಹಿಂದಿಯಲ್ಲಿ ಬರೆದದ್ದು ಇಷ್ಟೇ: ‘ದಿನಾ ನನ್ನ ಹೆಸರು ಹಿಡಿದು ನಮಸ್ಕಾರ ಹೇಳುತ್ತಿದ್ದರು.’ ಅದಕ್ಕೆ ಒಂದು ಪದವನ್ನೂ ಸೇರಿಸಿ ಎನ್ನಲಿಲ್ಲ.