ನೊರೆಹಾಲು ಮತ್ತು ಮಾಮುವಿನ ಜ್ವರ

ಹಳ್ಳಿಯಲ್ಲಿರುವ ನನ್ನ ಮಾಮು ಎಮ್ಮೆ ಸಾಕಿದ್ದಾರೆ. ಕರೆದ ಕೂಡಲೇ ಒಂದು ಲೋಟ ನೊರೆಹಾಲು ಕುಡಿಯುವುದು ಅವರ ರೂಢಿಯಾಗಿತ್ತು. ಕಾಯಿಸಿದರೆ ಹಾಲಿನ ಶಕ್ತಿ ಹೋಗುತ್ತದೆ ಎನ್ನುತ್ತಿದ್ದರು.

ಹೋದ ವರ್ಷ ಸಂತೆಯಿಂದ ತಂದ ಎಮ್ಮೆ ಎಂಟು ತಿಂಗಳ ಗಬ್ಬದಲ್ಲಿ ಕಂದು ಹಾಕಿತು. ಮಾಮು ಬರಿಗೈಯಲ್ಲೇ ಅದನ್ನು ತೆಗೆದು ಹೂತರು. ಎಮ್ಮೆ ಮೇಯುತ್ತಿತ್ತು, ಹಾಲಿನ ಬಣ್ಣ, ವಾಸನೆ, ರುಚಿ ಎಂದಿನಂತೆಯೇ ಇತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ತಿಂಗಳ ನಂತರ ಮಾಮುವಿಗೆ ಜ್ವರ ಶುರುವಾಯಿತು. ಸಂಜೆ ಏರುತ್ತಿತ್ತು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಬೆಳಿಗ್ಗೆ ಏನೂ ಇಲ್ಲ. ಸೊಂಟ, ಮೊಣಕಾಲು ನೋಯುತ್ತಿದ್ದವು. ಟೈಫಾಯಿಡ್ ಎಂದು ಮಾತ್ರೆ ಕೊಟ್ಟರು. ಇಳಿದ ಜ್ವರ ಮತ್ತೆ ಬಂತು. ಕೊನೆಗೆ ಒಬ್ಬ ಡಾಕ್ಟರ್, "ಮನೆಯಲ್ಲಿ ದನ ಇದೆಯಾ? ಯಾವುದಾದರೂ ಕಂದು ಹಾಕಿದೆಯಾ?" ಎಂದು ಕೇಳಿ ರಕ್ತ ಪರೀಕ್ಷೆ ಮಾಡಿಸಿದರು. ಅದು ಬ್ರುಸೆಲ್ಲೋಸಿಸ್. ಎರಡು ಬಗೆಯ ಮಾತ್ರೆಗಳನ್ನು ಆರು ವಾರ ನುಂಗಬೇಕಾಯಿತು. ನಡುವೆ ಬಿಟ್ಟರೆ ಈ ಜ್ವರ ಮರುಕಳಿಸುತ್ತದೆ.

ಹಾಲು ನೋಡಿ ಈ ರೋಗ ಗುರುತಿಸಲಾಗದು ಎಂಬುದಕ್ಕೆ ಮಾಲ್ಟಾ ದ್ವೀಪದ ಕಥೆಯೇ ಸಾಕ್ಷಿ. ಅಲ್ಲಿನ ಬ್ರಿಟಿಷ್ ಸೈನಿಕರು ವರ್ಷಗಟ್ಟಲೆ ಇದೇ ಜ್ವರದಿಂದ ನರಳಿದರು. 1905ರಲ್ಲಿ ಜಮಿತ್ ಎಂಬ ವೈದ್ಯರು ಆರೋಗ್ಯವಾಗಿಯೇ ಕಾಣುತ್ತಿದ್ದ ಆಡುಗಳಲ್ಲಿ ಸೋಂಕು ಕಂಡುಹಿಡಿದರು. ಮರುವರ್ಷ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದಾಗ ಜ್ವರ ಬಹುಬೇಗ ಇಳಿಯಿತು.

ದನಗಳ ಕ್ಷಯವೂ ಹಸಿ ಹಾಲಿನಲ್ಲಿ ಬರುತ್ತದೆ. ಹಾಲಿನಿಂದ ಬಂದ ಕ್ಷಯ ಕುತ್ತಿಗೆಯ ಗಂಟಾಗಿ ಅಥವಾ ಹೊಟ್ಟೆನೋವಾಗಿ ಕಾಣಿಸಬಹುದು. ಕೆಮ್ಮು ಇಲ್ಲದ ಕಾರಣ ಕ್ಷಯವೆಂದು ಹೊಳೆಯುವುದೇ ಇಲ್ಲ.

ಡೈರಿಗಳಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುತ್ತಾರೆ. ಈ ಎರಡೂ ರೋಗಾಣು ಸಾಯಲು ಅಷ್ಟು ಸಾಕು. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೂ ಕುದಿ ಬಂದ ಹಾಲು ಆ ಬಿಸಿಯನ್ನು ದಾಟಿರುತ್ತದೆ. ಬೆಚ್ಚಗೆ ಮಾಡಿ ಇಳಿಸಿದರೆ ಸಾಲದು. ಉಕ್ಕಿದ ಮೇಲೆ ಉರಿ ಸಣ್ಣ ಮಾಡಿ, ಸೌಟಿನಿಂದ ಕಲಕುತ್ತಾ ಇನ್ನೆರಡು ನಿಮಿಷ ಕುದಿಸಬೇಕು. ಇದರಿಂದ ಕೆಲವು ವಿಟಮಿನ್ ಸ್ವಲ್ಪ ಕಡಿಮೆಯಾಗುತ್ತವೆ, ಪ್ರೋಟೀನ್, ಕ್ಯಾಲ್ಸಿಯಂ ಎಲ್ಲಿಗೂ ಹೋಗುವುದಿಲ್ಲ. ಮೊಸರಿಗೂ ಕುದಿಸಿದ ಹಾಲಿಗೇ ಹೆಪ್ಪು ಹಾಕಬೇಕು. ಹುಳಿಯಾದ ಮಾತ್ರಕ್ಕೆ ರೋಗಾಣು ಸತ್ತಿತೆಂದು ನಂಬುವಂತಿಲ್ಲ.

ಆದರೆ ಕುದಿಸುವುದು ಬಾಯಿಯನ್ನು ಕಾಯುತ್ತದೆ, ಕೈಯನ್ನಲ್ಲ. ಕಂದು ಹಾಕಿದಾಗ ಬರುವ ಮಾಸು ಮತ್ತು ನೀರಿನಲ್ಲಿ ರೋಗಾಣು ತುಂಬಿರುತ್ತದೆ, ಕೈಯ ಸಣ್ಣ ಗಾಯದಿಂದಲೂ ಒಳಸೇರುತ್ತದೆ. ಮಾಮುವಿಗೆ ಯಾವ ದಾರಿಯಲ್ಲಿ ಬಂತೋ ಡಾಕ್ಟರಿಗೂ ಹೇಳಲಾಗಲಿಲ್ಲ. ಈಗ ಅವರ ಕೊಟ್ಟಿಗೆಯಲ್ಲಿ ರಬ್ಬರ್ ಗ್ಲೌಸ್ ತೂಗುತ್ತಿದೆ. ಪಶುವೈದ್ಯರು ಎಮ್ಮೆಯ ರಕ್ತ ಪರೀಕ್ಷೆ ಮಾಡಿದರು. ಇನ್ನೊಂದು ಎಮ್ಮೆಯ ಹೆಣ್ಣು ಕರುವಿಗೆ ಐದು ತಿಂಗಳಾಗಿತ್ತು. ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಹಾಕಿಸಬೇಕಾದ ಲಸಿಕೆಯನ್ನು ಅದಕ್ಕೆ ಹಾಕಿಸಿದ್ದಾರೆ.