ರೊಟ್ಟಿ ಖರ್ಚು ಚಟ್ನಿ ತಲಿ ಮ್ಯಾಲೆ

ಹ್ವಾದ ತಿಂಗಳು ಶೇಂಗಾ ಚಟ್ನಿ ಮಾಡೂದ ಬಿಟ್ಟಬಿಡೂಣು ಅಂತ ಕುಂತಿದ್ದೆ ನೋಡ್ರಿ. ನನ್ನ ಲೆಕ್ಕದಾಗ ಕಿಲೋಕ್ಕ ಬರೇ 20 ರೂಪಾಯಿ ಉಳೀತಿತ್ತು.

ಕೋಲಿ ಬಾಡಿಗಿ 4000, ಕರೆಂಟ್ ಬಿಲ್ 2000, ಇಬ್ಬರು ಹೆಣ್ಮಕ್ಕಳ ಪಗಾರ 18000. ತಿಂಗಳಿಗೆ 4000 ಖಡಕ್ ರೊಟ್ಟಿ, 100 ಕಿಲೋ ಚಟ್ನಿ ಹೋಗ್ತಾವ. ಎರಡರಿಂದನೂ ಬರೂ ರೊಕ್ಕ ಅಷ್ಟಕ್ಕಷ್ಟ. ಹಿಂಗಾಗಿ ಈ ಖರ್ಚನ್ನೂ ಅರ್ಧಾ ಅರ್ಧಾ ಹಂಚಿದ್ದೆ. ತಪ್ಪಿದ್ದು ಅಲ್ಲೇ.

"ಯಾವುದಕ್ಕ ಎಷ್ಟು ಹೊತ್ತು ಹೋಗ್ತದ, ಒಂದು ವಾರ ಬರದಿಡವಾ" ಅಂದ್ರು ನಮ್ಮ ವೈನಿ. ಬರದೆ. ಆರು ದಿನದ ಕೆಲಸದಾಗ ಐದು ದಿನ ರೊಟ್ಟಿಗೇ! ಅಂದ್ರ ಪಗಾರದಾಗ 15000 ಅದರದು. ಬಡಿಯೂದು, ಆರಿಸೂದು ಅಂತ ಮುಕ್ಕಾಲು ಕೋಲಿ ಅದಕ್ಕ ಬೇಕು, ಬಾಡಿಗಿ 3000. ಕರೆಂಟ್ ಮಾತ್ರ ಉಲ್ಟಾ. ಚಟ್ನಿ ಮಷೀನ್ ಬಂದ್ ಇದ್ದ ದಿನ ಮೀಟರ್ ನೋಡಿದೆ, ರೊಟ್ಟಿ ಪಾಲಿಗೆ 500 ಸಾಕು.

ಕೂಡಿಸಿದರ 18500, ಒಂದು ರೊಟ್ಟಿಗೆ 4 ರೂಪಾಯಿ 62 ಪೈಸಾ. ಹಿಟ್ಟು, ಗ್ಯಾಸ್, ಪಾಕೀಟಿಗೆ ಮತ್ತ 4. ನಾ ಮಾರೂದು 8ಕ್ಕ! ಚಟ್ನಿಗೆ ನಾ ಕಿಲೋಕ್ಕ 120 ಹಾಕಿದ್ದೆ, ಖರೇ ಬಿದ್ದದ್ದು 55. ಅಂದ್ರ 20 ಅಲ್ಲ, 85 ಉಳೀತಿತ್ತು. ರೊಟ್ಟಿ ಲುಕ್ಸಾನನ್ನ ಪಾಪ ಚಟ್ನಿನ ತುಂಬತಿತ್ತು.

ಹಂಗಂತ ರೊಟ್ಟಿ ಬಿಡಾಕೂ ಬರೂದಿಲ್ಲ. ಬಿಟ್ಟರ ಬಾಡಿಗಿ ಕಡಿಮಿ ಆಗೂದಿಲ್ಲ, ಆ 3000ನೂ ಚಟ್ನಿ ಮ್ಯಾಲೆ ಬೀಳ್ತದ. ಈ ತಿಂಗಳಿಂದ ರೊಟ್ಟಿ 10 ರೂಪಾಯಿ ಮಾಡೀನಿ. ನನ್ನ ಪಗಾರ ಇನ್ನೂ ಇದರಾಗ ಹಿಡದಿಲ್ಲ, ವೈನಿ ಅದಕ್ಕೂ ಬೈದಾರ.